ಉಮ್ಮನ ಕೈಗೆಟಕುವ ಕಪಾಟು

ನಮ್ಮ ಮನೆಯ ದೊಡ್ಡ ಕಪಾಟು ಆರು ಮಂದಿಯದು. ಅಗಲ 6 ಅಡಿ, ಎತ್ತರ 7 ಅಡಿ, ಒಳಗೆ ಮೂರು ಭಾಗ. ಆದರೂ ಉಮ್ಮನ ನಮಾಝಿನ ಉಡುಪು ಸದಾ ಕುರ್ಚಿಯ ಮೇಲೆ ಬಿದ್ದಿರುತ್ತಿತ್ತು. ಮಡಚಿಡಬಾರದೇ ಎಂದು ನಾವು ಎಷ್ಟೋ ಸಲ ಗೊಣಗಿದ್ದೇವೆ. ಒಂದು ದಿನ ಉಮ್ಮನೇ ಹೇಳಿದರು: "ಸುಬಹಿಗೆ ಏಳುವಾಗ ಕೆಳಗಿನ ಡ್ರಾಯರಿಗೆ ಬಗ್ಗಲು ನನ್ನ ಮೊಣಕಾಲು ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಮಕ್ಕಳನ್ನು ಎಬ್ಬಿಸಲೇ?"

ನಮಗೆ ನಾಚಿಕೆಯಾಯಿತು. ಕಪಾಟು ಮಾಡಿಸುವಾಗ ಗೋಡೆಯನ್ನು ಅಳೆದಿದ್ದೆವೇ ಹೊರತು ಮನೆಯವರನ್ನು ಅಳೆದಿರಲಿಲ್ಲ.

ಬಡಗಿಯನ್ನು ಮತ್ತೆ ಕರೆಸುವ ಮೊದಲು ಉಮ್ಮನನ್ನು ಕಪಾಟಿನ ಮುಂದೆ ನಿಲ್ಲಿಸಿ, ಬಗ್ಗದೆ, ತೋಳು ಎತ್ತದೆ ಕೈ ಎಲ್ಲಿಗೆ ಹೋಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಅವರ ಎತ್ತರ 4 ಅಡಿ 10 ಇಂಚು. ನೆಲದಿಂದ 28 ಇಂಚಿನಿಂದ 48 ಇಂಚಿನವರೆಗಿನ ಜಾಗ ಅವರದಾಯಿತು. ಬುಡದಲ್ಲಿದ್ದ ಡ್ರಾಯರನ್ನು ನಡುಭಾಗಕ್ಕೆ ತಂದು, ಅದರ ಮೇಲಂಚು 35 ಇಂಚಿಗೆ ನಿಲ್ಲುವಂತೆ ಕೂರಿಸಲಾಯಿತು. ಡ್ರಾಯರು ಮೊಣಕೈಗಿಂತ ಮೇಲಿದ್ದರೆ ಒಳಗಿನದು ಕಾಣುವುದಿಲ್ಲ, ಕೈಯಾಡಿಸಿ ತಡಕಬೇಕಾಗುತ್ತದೆ. ಅದರ ಮೇಲೆ ಒಂದೇ ಹಲಗೆ, ಉಮ್ಮನ ದಿನಬಳಕೆಯ ಸೀರೆಗಳಿಗೆ.

ಹೊಸ ಜಾಗದಲ್ಲಿ ಡ್ರಾಯರು ಮೊದಲು ಅರ್ಧಕ್ಕೇ ನಿಂತುಬಿಟ್ಟಿತು. ಅಲ್ಲಿ ಬಾಗಿಲಿನ ತಿರುಗಣೆ ಇತ್ತು. ಬಾಗಿಲು ಪೂರ್ತಿ ಹಿಂದಕ್ಕೆ ಹೋಗದೆ ಅದರ ಅಂಚು ಡ್ರಾಯರಿಗೆ ಅಡ್ಡವಾಗುತ್ತಿತ್ತು. ತಿರುಗಣೆಯ ಬದಿಯಲ್ಲಿ ಒಂದು ಮರದ ಪಟ್ಟಿ ಹೊಡೆದು, ಅಷ್ಟೇ ಅಗಲ ಕಡಿಮೆ ಮಾಡಿ ಡ್ರಾಯರು ಕೂರಿಸಿದ ಮೇಲೆ ಸರಿಹೋಯಿತು. ಇದನ್ನು ಬಡಗಿಯೂ ಮರೆತಿದ್ದ, ನಾವೂ.

ಎಡಭಾಗದ ಕಥೆ ಬುರ್ಖಾದ್ದು. ನೇತುಹಾಕುವ ಸರಳು ನಾಲ್ಕೂವರೆ ಅಡಿಯಲ್ಲಿತ್ತು. ನಮ್ಮ ಉದ್ದನೆಯ ಬುರ್ಖಾ 56 ಇಂಚು. ಹ್ಯಾಂಗರಿನ ಕೊಕ್ಕೆಗೆ ಇನ್ನು 3 ಇಂಚು. ಕೆಳಗಿನ ಹಲಗೆ ನೆಲದಿಂದ 4 ಇಂಚು ಮೇಲಿದ್ದುದರಿಂದ ಸೆರಗಿನ 9 ಇಂಚು ಅಲ್ಲೇ ಮುದ್ದೆಯಾಗಿ ಬಿದ್ದಿರುತ್ತಿತ್ತು. ಕರಾವಳಿಯ ಮಳೆಗಾಲದಲ್ಲಿ ಮೊದಲು ಬೂಷ್ಟು ಹಿಡಿಯುತ್ತಿದ್ದುದೂ ಆ ಮುದ್ದೆಗೇ. ಸರಳನ್ನು 66 ಇಂಚಿಗೆ ಏರಿಸಿದೆವು. ಈಗ ಅಂಚಿನ ಕೆಳಗೆ 3 ಇಂಚು ಖಾಲಿ. ಪೊರಕೆ ಆಡುತ್ತದೆ, ಗಾಳಿಯೂ ಆಡುತ್ತದೆ.

ಬಲಭಾಗದಲ್ಲಿ ಅಂಗಿಗಳಷ್ಟೇ. ಹ್ಯಾಂಗರು ಸೇರಿ ಅಂಗಿಗೆ 33 ಇಂಚು ಸಾಕಾದ್ದರಿಂದ ಅಲ್ಲಿ 76 ಮತ್ತು 40 ಇಂಚಿಗೆ ಎರಡು ಸರಳು ಹಿಡಿದವು. ಕೆಳಗಿನದು ಒಂಬತ್ತು ವರ್ಷದ ಕಿರಿಯವನಿಗೆ. ಶಾಲೆಯ ಅಂಗಿ ಎಲ್ಲಿ ಎಂಬ ಬೆಳಗಿನ ಕೂಗು ನಿಂತಿದೆ, ಕಾಲುಚೀಲದ ಕೂಗು ನಿಂತಿಲ್ಲ.

ನಡುಭಾಗ ತನ್ನದೆಂದುಕೊಂಡಿದ್ದ ನಮ್ಮ ತಂಗಿ ಒಂದು ವಾರ ಮುನಿಸಿಕೊಂಡಳು. ಅವಳ ರೇಷ್ಮೆ ಸೀರೆಗಳು ಮೇಲಿನ ಹಲಗೆಗೆ ಹೋದವು. ತೆಗೆಯಲು ಸ್ಟೂಲು ಬೇಕು. ಬುರ್ಖಾದ ಕೆಳಗೆ ಇಡುತ್ತಿದ್ದ ಕಂಬಳಿಗಳಿಗಂತೂ ಕಪಾಟಿನಲ್ಲಿ ಜಾಗವೇ ಸಿಗಲಿಲ್ಲ. ಅವು ಮಂಚದಡಿಯ ಟ್ರಂಕಿನಲ್ಲಿವೆ.