ಬೆರೆಸಿದ್ದು, ಮರಳಿ ಬಂದದ್ದು

ಚೆನ್ನೈನ ಉಪನಗರ ರೈಲಿನಲ್ಲಿ ಕ್ರೋಂಪೇಟೆಗೂ ತಾಂಬರಂಗೂ ನಡುವೆ ‘ತಾಂಬರಂ ಸ್ಯಾನಟೋರಿಯಂ’ ಎಂಬ ನಿಲ್ದಾಣವಿದೆ. ಡಾ. ಡೇವಿಡ್ ಚೌರಿ ಮುತ್ತು ಅವರು 1928ರಲ್ಲಿ ಇಲ್ಲಿ ಆರಂಭಿಸಿದ ಕ್ಷಯರೋಗದ ಆರೋಗ್ಯಧಾಮದಿಂದ ಬಂದ ಹೆಸರು ಅದು. ಆಗ ಕ್ಷಯಕ್ಕೆ ಔಷಧವಿರಲಿಲ್ಲ; ಗಾಳಿ, ಬಿಸಿಲು, ವಿಶ್ರಾಂತಿ, ಒಳ್ಳೆಯ ಊಟ ಇಷ್ಟೇ ಚಿಕಿತ್ಸೆ. ಔಷಧಗಳು ಬಂದ ಮೇಲೆ, 1956ರಲ್ಲಿ ಮದರಾಸಿನ ಚೇತ್‌ಪೇಟೆಯಲ್ಲಿ ಸ್ಥಾಪನೆಯಾದ ಸಂಶೋಧನಾ ಕೇಂದ್ರವು ಮನೆಯಲ್ಲಿದ್ದು ಮಾತ್ರೆ ನುಂಗುವ ರೋಗಿಯೂ ಆರೋಗ್ಯಧಾಮದಲ್ಲಿರುವ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆಂದು ತೋರಿಸಿತು. ಅಲ್ಲಿಂದ ಮುಂದೆ ಪ್ರಶ್ನೆಯೇ ಬದಲಾಯಿತು: ನುಂಗಿದ ಮಾತ್ರೆ ರಕ್ತಕ್ಕೆ ಎಷ್ಟು ಸೇರಿತು?

ಇದೇ ಊರಿನಲ್ಲಿ ನೆಲೆಸಿ, ರಕ್ತದಲ್ಲಿನ ಔಷಧವನ್ನು ಅಳೆಯುವ ವೃತ್ತಿಯಲ್ಲಿ ತೊಡಗಿರುವ ನನಗೆ ಈ ಪ್ರಶ್ನೆ ಪ್ರತಿದಿನದ್ದು. ಅದರ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಯಂತ್ರ ಕೊಡುವ ಅಂಕೆ ನಿಜವೆಂದು ನಂಬುವುದು ಹೇಗೆ? ರೋಗಿಯ ರಕ್ತದಲ್ಲಿ ನಿಜಕ್ಕೂ ಎಷ್ಟಿದೆಯೆಂದು ಯಾರಿಗೂ ತಿಳಿಯದು. ತಿಳಿದಿದ್ದರೆ ಅಳೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದ್ದರಿಂದ ಸತ್ಯವನ್ನು ನಾವೇ ತಯಾರಿಸಿಕೊಳ್ಳುತ್ತೇವೆ. ಔಷಧ ಸೇವಿಸದವರ ರಕ್ತದ ಪ್ಲಾಸ್ಮಾಕ್ಕೆ ತೂಗಿದ ಔಷಧವನ್ನು ಬೆರೆಸಿ, ಅದು ಎಷ್ಟರ ಮಟ್ಟಿಗೆ ಮರಳಿ ಸಿಗುತ್ತದೆಂದು ನೋಡುತ್ತೇವೆ. ಪ್ರಯೋಗಾಲಯದ ಮಾತಿನಲ್ಲಿ ಇದು ‘ಸ್ಪೈಕ್ ಮಾಡುವುದು’.

ರಿಫಾಂಪಿಸಿನ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೂತ್ರವನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಕೆಂಪು ಔಷಧ ಇದು. ಮಾತ್ರೆ ನುಂಗಿ ಸುಮಾರು ಎರಡು ಗಂಟೆಯ ಹೊತ್ತಿಗೆ ಪ್ಲಾಸ್ಮಾದ ಪ್ರತಿ ಮಿಲಿಲೀಟರಿನಲ್ಲಿ 8ರಿಂದ 24 ಮೈಕ್ರೋಗ್ರಾಂ ಇರಬೇಕೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾನದಂಡ. ಹಾಗಾಗಿ 0.5ರಿಂದ 30ರವರೆಗೆ ಅಳೆಯಬಲ್ಲ ವಿಧಾನ ಸಾಕು. ಅತಿ ಕೆಳಗಿನ ಮಟ್ಟವಾಗಿ 0.5, ಕೆಳಮಟ್ಟವಾಗಿ 1.5, ನಡುಮಟ್ಟವಾಗಿ 12, ಮೇಲ್ಮಟ್ಟವಾಗಿ 24 ಎಂದು ನಾಲ್ಕು ಮಾದರಿಗಳನ್ನು ಸಿದ್ಧಪಡಿಸುತ್ತೇವೆ. 12ರ ಮಾದರಿಗೆ 980 ಮೈಕ್ರೋಲೀಟರ್ ಪ್ಲಾಸ್ಮಾ, ಅದಕ್ಕೆ ಮಿಲಿಲೀಟರಿಗೆ 600 ಮೈಕ್ರೋಗ್ರಾಂ ಔಷಧವಿರುವ ಮೆಥನಾಲ್ ದ್ರಾವಣದ 20 ಮೈಕ್ರೋಲೀಟರ್. ದ್ರಾವಕವನ್ನು ಇದಕ್ಕಿಂತ ಬಹಳ ಹೆಚ್ಚಿಸಿದರೆ ಪ್ಲಾಸ್ಮಾದ ಸ್ವಭಾವವೇ ಬದಲಾಗುತ್ತದೆ. ಬಳಿಕ ಅಸಿಟೋನೈಟ್ರೈಲ್ ಹಾಕಿ ಪ್ರೋಟೀನನ್ನು ಗಟ್ಟಿಗೊಳಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಕ್ರೊಮಟೋಗ್ರಫಿ ಯಂತ್ರಕ್ಕೆ ಕೊಡುತ್ತೇವೆ.

12ರ ಐದು ಮಾದರಿಗಳು 11.4, 11.8, 11.1, 11.9, 11.3 ಎಂದು ಬಂದವೆನ್ನಿ. ಸರಾಸರಿ 11.5, ಅಂದರೆ ಬೆರೆಸಿದ್ದರ ಸುಮಾರು ಶೇ. 96. ಇದು ನಿಖರತೆ. ಐದೂ ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದು ಬೇರೆಯ ಮಾತು: ಅವುಗಳ ಹರವು ಸರಾಸರಿಯ ಶೇ. 3ರಷ್ಟು. ಇದು ಪ್ರಿಸಿಷನ್. 2022ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ICH M10 ಎರಡಕ್ಕೂ ಶೇ. 15ರ ಮಿತಿಯನ್ನು ಹಾಕುತ್ತದೆ; ಅತಿ ಕೆಳಗಿನ ಮಟ್ಟದಲ್ಲಿ ಮಾತ್ರ ಶೇ. 20. ಒಂದೇ ದಿನದ ಫಲಿತಾಂಶವನ್ನು ಅದು ಒಪ್ಪುವುದಿಲ್ಲ. ಕನಿಷ್ಠ ಎರಡು ದಿನಗಳಲ್ಲಿ ಹರಡಿದ ಮೂರು ಸರಣಿಗಳಾದರೂ ಬೇಕು. ಒಂದು ದಿನದ ಏಕರೂಪತೆ ಆ ದಿನದ ಕೈಗುಣವೂ ಆಗಿರಬಹುದು.

ಮೂರನೆಯದು ರಿಕವರಿ, ಅಂದರೆ ಮರುಗಳಿಕೆ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಒಂದು ನಳಿಕೆಯಲ್ಲಿ ಔಷಧವನ್ನು ಮೊದಲೇ ಪ್ಲಾಸ್ಮಾಕ್ಕೆ ಬೆರೆಸಿ ತಿಳಿಯನ್ನು ತೆಗೆಯುತ್ತೇವೆ. ಇನ್ನೊಂದರಲ್ಲಿ ಬರಿಯ ಪ್ಲಾಸ್ಮಾದ ತಿಳಿಯನ್ನು ತೆಗೆದು, ಆಮೇಲೆ ಅದೇ ಪ್ರಮಾಣದ ಔಷಧ ಸೇರಿಸುತ್ತೇವೆ. ಮೊದಲನೆಯದರ ಸಂಕೇತ 82,000, ಎರಡನೆಯದರದು 1,00,000 ಆದರೆ ಮರುಗಳಿಕೆ ಶೇ. 82. ಉಳಿದ 18 ಪ್ರೋಟೀನಿನ ಗಸಿಯೊಂದಿಗೆ ಹೋಯಿತು. ನೂರಕ್ಕೆ 18 ಕಳೆದುಕೊಂಡ ವಿಧಾನ ಶೇ. 96 ನಿಖರವಾಗುವುದು ಹೇಗೆ? ಉತ್ತರ ಸರಳ. ಅಳತೆಗೋಲಾಗಿ ಇಟ್ಟುಕೊಂಡ ಮಾದರಿಗಳನ್ನೂ ಪ್ಲಾಸ್ಮಾದಲ್ಲಿಯೇ ಮಾಡಿ, ಅದೇ ದಾರಿಯಲ್ಲಿ ನಡೆಸಿರುತ್ತೇವೆ. ಅವೂ 18 ಕಳೆದುಕೊಂಡಿವೆ. ಎಲ್ಲರಿಗೂ ಸಮನಾಗಿ ಆದ ನಷ್ಟ ಲೆಕ್ಕವನ್ನು ಕೆಡಿಸುವುದಿಲ್ಲ. ಹೀಗಾಗಿ ಮರುಗಳಿಕೆ ನೂರೇ ಆಗಬೇಕಿಲ್ಲ, ಸ್ಥಿರವಾಗಿರಬೇಕು. ಕೆಳಮಟ್ಟದಲ್ಲಿ 80, ಮೇಲ್ಮಟ್ಟದಲ್ಲಿ 83 ಬಂದರೆ ನೆಮ್ಮದಿ. 55 ಮತ್ತು 85 ಬಂದರೆ ಔಷಧ ಎಲ್ಲೋ ಅಂಟಿಕೊಳ್ಳುತ್ತಿದೆ, ಇಲ್ಲವೇ ತಿಳಿ ತೆಗೆಯುವ ಕ್ರಮ ಸಾಲದು ಎಂದು ಹುಡುಕಾಟಕ್ಕೆ ಇಳಿಯಬೇಕು.

ಆದರೆ ಇದೇ ತತ್ತ್ವಕ್ಕೆ ಒಂದು ಕತ್ತಲ ಮಗ್ಗುಲೂ ಇದೆ. ರಿಫಾಂಪಿಸಿನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕ್ವಿನೋನ್ ಆಗಿ ಬದಲಾಗುತ್ತದೆ. ಮೂಲ ದ್ರಾವಣ ಹಳತಾಗಿ ಔಷಧದ ಹತ್ತರಲ್ಲೊಂದು ಪಾಲು ಹಾಳಾಗಿದೆಯೆನ್ನಿ. ಅದೇ ದ್ರಾವಣದಿಂದ ಅಳತೆಗೋಲನ್ನೂ ಪರೀಕ್ಷಾ ಮಾದರಿಯನ್ನೂ ಮಾಡಿದರೆ ಎರಡೂ ಒಂದನ್ನೊಂದು ಸಮರ್ಥಿಸುತ್ತವೆ. ನಿಖರತೆ ನೂರರ ಆಸುಪಾಸಿನಲ್ಲೇ ಬರುತ್ತದೆ. ಕಳ್ಳನಿಗೆ ಕಳ್ಳನೇ ಸಾಕ್ಷಿ ನಿಂತಂತೆ. ಆದುದರಿಂದ ಎರಡಕ್ಕೂ ಬೇರೆ ಬೇರೆಯಾಗಿ ತೂಗಿ ಮೂಲ ದ್ರಾವಣ ಮಾಡಬೇಕು.

ಇನ್ನೊಂದು ನಷ್ಟ ರೋಗಿಯ ಮಾದರಿಗೆ ಮಾತ್ರ ಆಗುವಂಥದ್ದು. ನಾವು ಬೆರೆಸಿದ ಪ್ಲಾಸ್ಮಾ ಕೂಡಲೇ ಪರೀಕ್ಷೆಗೆ ಹೋಗುತ್ತದೆ. ರೋಗಿಯ ಮಾದರಿಯಾದರೋ ವಾರ್ಡಿನ ಮೇಜಿನ ಮೇಲೆ ತಾಂಬರಂನ ಮೇ ತಿಂಗಳ ಸೆಕೆಯಲ್ಲಿ ಕಾದು, ಆಟೋದಲ್ಲಿ ಕುಳಿತು, ಗಂಟೆಗಳ ನಂತರ ಬರುತ್ತದೆ. ಇದನ್ನು ತಿಳಿಯಲು ಸ್ಪೈಕ್ ಮಾಡಿದ ಮಾದರಿಗೂ ಅದೇ ಪ್ರಯಾಣ ಮಾಡಿಸಬೇಕು. 12ರ ಎರಡು ನಳಿಕೆಗಳಲ್ಲಿ ಒಂದಕ್ಕೆ ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ಜೀವಸತ್ವ ಸೇರಿಸಿ, ಎರಡನ್ನೂ ನಾಲ್ಕು ಗಂಟೆ ಸೆಕೆಯಲ್ಲಿಟ್ಟು ಅಳೆಯಬೇಕು. ಆಮ್ಲವಿದ್ದದ್ದು 11.7, ಇಲ್ಲದ್ದು 9.4 ತೋರಿಸಿತೆನ್ನಿ. ಆಮ್ಲವಿಲ್ಲದ ನಳಿಕೆ ಶೇ. 22ರಷ್ಟನ್ನು ದಾರಿಯಲ್ಲೇ ಕಳೆದುಕೊಂಡಿದೆ. ಅದೇ ರೀತಿ ಬಂದ ರೋಗಿಯ ರಕ್ತದಲ್ಲಿ ನಿಜವಾಗಿ 9.5 ಇದ್ದರೆ ನಮ್ಮ ವರದಿ 7.4 ಎನ್ನುತ್ತದೆ. ಎಂಟರ ಗೆರೆಯ ಮೇಲಿದ್ದವನು ಕೆಳಗಿಳಿಯುತ್ತಾನೆ. ವೈದ್ಯರು ಔಷಧದ ಪ್ರಮಾಣ ಏರಿಸಬಹುದು. ಯಕೃತ್ತಿಗೆ ಹೊರೆಯಾಗಬಲ್ಲ ಔಷಧ ಇದು. ಇಲ್ಲವೇ ಮಾತ್ರೆ ನುಂಗುತ್ತಿಲ್ಲವೆಂದು ರೋಗಿಯನ್ನೇ ಶಂಕಿಸಬಹುದು. ಆತನ ಪರವಾಗಿ ಹೇಳಲು ಯಾವ ಸಾಕ್ಷಿಯೂ ಇರುವುದಿಲ್ಲ.

ಬೆರೆಸಿದ ಮಾದರಿ ಎಷ್ಟಾದರೂ ನಮ್ಮ ಕೈಯ ಸೃಷ್ಟಿ. ರೋಗಿಯ ಪ್ಲಾಸ್ಮಾದಲ್ಲಿ ದೇಹ ಮಾರ್ಪಡಿಸಿದ ರಿಫಾಂಪಿಸಿನ್ನೂ ಇರುತ್ತದೆ, ಜೊತೆಗೆ ನುಂಗಿದ ಇತರ ಔಷಧಗಳೂ ಇರುತ್ತವೆ. ಅದಕ್ಕಾಗಿ ರೋಗಿಗಳ ಕೆಲವು ಮಾದರಿಗಳನ್ನೇ ಇನ್ನೊಂದು ದಿನ ಮತ್ತೆ ಅಳೆಯುತ್ತೇವೆ. ಮೂರರಲ್ಲಿ ಎರಡು ಪಾಲಿನಷ್ಟಾದರೂ ಮಾದರಿಗಳಲ್ಲಿ ಎರಡು ಅಂಕೆಗಳ ಅಂತರ ಅವುಗಳ ಸರಾಸರಿಯ ಶೇ. 20ರೊಳಗಿರಬೇಕು. ಆದರೆ ಈ ಮರುಪರೀಕ್ಷೆಯೂ ಪ್ರಯೋಗಾಲಯಕ್ಕೆ ಬರುವ ಮೊದಲೇ ಕಳೆದುಹೋದದ್ದನ್ನು ಹೇಳಲಾರದು. ಎರಡು ಸಲವೂ 7.4 ಎಂದೇ ಬಂದೀತು. ಆದ್ದರಿಂದ ವರದಿಗೆ ಸಹಿ ಹಾಕುವ ಮೊದಲು ನಾನು ಅಂಕೆಗಿಂತ ಮುಂಚೆ ಮಾದರಿಯೊಂದಿಗೆ ಬಂದ ಚೀಟಿಯನ್ನು ನೋಡುತ್ತೇನೆ: ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಮಂಜುಗಡ್ಡೆಯಲ್ಲಿಟ್ಟಿದ್ದರೇ, ಆಮ್ಲ ಸೇರಿಸಿದ್ದರೇ.