ಇಲಿಗೆ ಬೇಕು ಬೆಕ್ಕು, ಹಕ್ಕಿಗೆ ಬೇಕು ಜಾಳಿಗೆ

ನಮ್ಮದು ಸಿಂದಗಿ ಕಡೆಯ ಒಕ್ಕಲುತನದ ಮನೆ. ಒಳಕೋಣೆಯಲ್ಲಿ ಜೋಳದ ಚೀಲ, ತೊಗರಿ ಚೀಲ ಸದಾ ಇರುತ್ತವೆ. ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಕರಿ ಬೆಕ್ಕು ಬೇಟೆಯಲ್ಲಿ ಬಲು ಚುರುಕು. ಅಂಥ ಮನೆಗೆ ಮೊಮ್ಮಗಳು ಹೋದ ವರ್ಷ ಒಂದು ಜೋಡಿ ಹಕ್ಕಿ ಬೇಕೆಂದಳು. ಪೇಟೆಯಲ್ಲಿ ಎಲ್ಲರೂ ಲವ್ ಬರ್ಡ್ಸ್ ಎನ್ನುವ ಈ ಪುಟ್ಟ ಗಿಳಿಗಳ ನಿಜವಾದ ಹೆಸರು ಬಜರಿಗರ್, ಮೂಲ ಊರು ಆಸ್ಟ್ರೇಲಿಯಾ. ನಮ್ಮ ಹೊಲದ ಹಸಿರು ಗಿಳಿಯನ್ನು ಮಾತ್ರ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ.

"ಮುತ್ಯಾ, ಬೆಕ್ಕಿನ ಕೊಳ್ಳಿಗೆ ಗೆಜ್ಜಿ ಕಟ್ಟಿದ್ರ ಆತಲ್ಲ?" ಎಂದಳು ಮೊಮ್ಮಗಳು.

"ಗೆಜ್ಜಿ ಸಪ್ಪಳಾದ್ರ ಪಂಜರದಾಗಿನ ಹಕ್ಕಿ ಎಲ್ಲಿಗೆ ಓಡ್ಬೇಕವ್ವಾ?" ಎಂದೆ ನಾನು. ಹೊರಗಿನ ಹಕ್ಕಿಗಳಿಗೂ ಗೆಜ್ಜೆಯಿಂದ ಹೆಚ್ಚು ಉಪಯೋಗವಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಜ್ಜೆ ಕಟ್ಟಿದ ಬೆಕ್ಕುಗಳು ತರುವ ಬೇಟೆ ಕಡಿಮೆಯಾದದ್ದು ಕಾಣಲಿಲ್ಲ.

ನಾನು ಹೀಗೆ ಹಟ ಹಿಡಿಯಲು ನಮ್ಮ ಓಣಿಯಲ್ಲೇ ನಡೆದ ಒಂದು ಸಂಗತಿ ಕಾರಣ. ಒಂದು ಮನೆಯಲ್ಲಿ ಹಕ್ಕಿಯ ಪಂಜರ ಕಿಟಕಿಯ ಕಟ್ಟೆಯ ಮೇಲಿತ್ತು. ಹಕ್ಕಿ ಸರಳನ್ನು ಹಿಡಿದು ಜೋತಾಡುವಾಗ ಬೆಕ್ಕು ಹೊರಗಿನಿಂದ ಪಂಜ ಹಾಕಿತು. ಎದೆಯ ಮೇಲೆ ಒಂದು ಹನಿ ರಕ್ತ ಅಷ್ಟೇ. ಸಂಜೆ ಹಕ್ಕಿ ಕಾಳು ತಿಂದಿತು, ಮನೆಯವರು ಸಮಾಧಾನಪಟ್ಟರು. ಮರುದಿನ ಮಧ್ಯಾಹ್ನ ಅದು ತಳದಲ್ಲಿ ಸತ್ತು ಬಿದ್ದಿತ್ತು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ರೋಗಾಣು ಇರುತ್ತದೆ. ಮೈ ನೆಕ್ಕಿಕೊಳ್ಳುವಾಗ ಅದು ಉಗುರಿಗೂ ಹತ್ತುತ್ತದೆ. ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಆದ್ದರಿಂದ ಬೆಕ್ಕು ಹಕ್ಕಿಯನ್ನು ಕಚ್ಚಿದ್ದರೆ, ಪರಚಿದ್ದರೆ, ಗಾಯ ಕಾಣದಿದ್ದರೂ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅರಿಶಿನ ಹಚ್ಚಿ ಕಾಯುತ್ತ ಕೂರಬಾರದು.

ಆದ್ದರಿಂದ ನಮ್ಮ ಮೊದಲ ಕೆಲಸ, ಪಂಜ ಸರಳಿನವರೆಗೆ ತಲುಪದಂತೆ ಮಾಡುವುದು. ಬಡಿಗನಿಂದ ಪಂಜರಕ್ಕಿಂತ ಸುತ್ತಲೂ ಐದು ಇಂಚು ದೊಡ್ಡದಾದ ಕಟ್ಟಿಗೆಯ ಚೌಕಟ್ಟು ಮಾಡಿಸಿ, ಅರ್ಧ ಇಂಚು ಕಣ್ಣಿನ ತಂತಿ ಜಾಳಿಗೆ ಬಿಗಿಸಿದೆವು. ಈಗ ಹಕ್ಕಿ ಸರಳಿಗೆ ಜೋತುಬಿದ್ದರೂ ಬೆಕ್ಕಿನ ಉಗುರು ಅದಕ್ಕೆ ಎಟುಕದು. ಪಂಜರದ ಮೇಲೆತ್ತುವ ಬಾಗಿಲುಗಳಿಗೆ, ಕಾಳಿನ ಬಟ್ಟಲಿನ ಕಿಂಡಿಗಳಿಗೂ, ಒಂದೊಂದು ಕ್ಲಿಪ್ ಹಾಕಿದೆವು. ಕೆಳಗೆ ಬಿದ್ದರೆ ತಳ ಕಳಚಿಕೊಳ್ಳುತ್ತದೆಂದು ಅದನ್ನೂ ತಂತಿಯಿಂದ ಕಟ್ಟಿದೆವು.

ಎರಡನೆಯದು ಜಾಗ. ಬೆಕ್ಕು ನಿಂತಲ್ಲಿಂದಲೇ ಐದಡಿ ಹಾರಬಲ್ಲದು. ಆ ಐದಡಿಯನ್ನು ನೆಲದಿಂದಲ್ಲ, ಅದು ಹತ್ತಿ ನಿಲ್ಲುವ ಮೇಜು, ತಿಜೋರಿಯಿಂದ ಎಣಿಸಬೇಕು. ತೀರಾ ಎತ್ತರಕ್ಕೆ ತೂಗುಹಾಕೋಣವೆಂದರೆ, ನಮ್ಮ ಬಿಸಿಲುನಾಡಿನ ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ಹಕ್ಕಿ ಬೆಂದುಹೋಗುತ್ತದೆ. ಬಾಗಿಲು ಹಾಕಿಟ್ಟರೆ ಗಾಳಿಯಿಲ್ಲ. ಅದಕ್ಕೇ ಸಣ್ಣ ಕೋಣೆಯೊಂದಕ್ಕೆ ಜಾಳಿಗೆಯ ಬಾಗಿಲು ಇಡಿಸಿ, ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗ್ ಹಾಕಿಸಿದೆ. ಕಿಟಕಿಗೂ ಜಾಳಿಗೆ. ಗಾಳಿ ಬರುತ್ತದೆ, ಬೆಕ್ಕು ಬರುವುದಿಲ್ಲ. ರಾತ್ರಿ, ಮತ್ತು ಮನೆಯಲ್ಲಿ ಯಾರೂ ಇಲ್ಲದಾಗ, ಹಕ್ಕಿಗಳು ಅಲ್ಲೇ.

ಇಷ್ಟಾದ ಮೇಲೂ ಒಂದು ತೊಂದರೆ ಉಳಿಯಿತು. ಬೆಕ್ಕು ಜಾಳಿಗೆಯ ಬಾಗಿಲ ಮುಂದೆ ಗಂಟೆಗಟ್ಟಲೆ ಕೂತು ದಿಟ್ಟಿಸುತ್ತಿತ್ತು. ಮುಟ್ಟದಿದ್ದರೂ ಭಯ ಭಯವೇ. ಹಕ್ಕಿಗಳು ರೆಕ್ಕೆ ಉಬ್ಬಿಸಿಕೊಂಡು ಮೌನವಾಗಿ ಕೂತವು. ಕಾಳಿನ ಬಟ್ಟಲು ತುಂಬಿದಂತೆಯೇ ಕಾಣುತ್ತಿತ್ತು. ಮಕ್ಕಳೇ, ಇಲ್ಲೊಂದು ಗುಟ್ಟಿದೆ. ಈ ಹಕ್ಕಿಗಳು ನವಣೆಯ ಸಿಪ್ಪೆ ಸುಲಿದು ಬಟ್ಟಲಲ್ಲೇ ಬಿಡುತ್ತವೆ. ಹಗುರವಾಗಿ ಊದಿ ನೋಡಬೇಕು. ಸಿಪ್ಪೆ ಹಾರಿದರೆ ತಿಂದಿವೆ, ಕಾಳೇ ಉಳಿದರೆ ಉಪವಾಸವಿವೆ. ಮೊಮ್ಮಗಳು ಊದಿದಳು, ಕಾಳು ಹಾಗೇ ಇತ್ತು. ಬಾಗಿಲಿನ ಕೆಳಗಿನ ಅರ್ಧಕ್ಕೆ ಹಲಗೆ ಹೊಡೆಸಿ ಬೆಕ್ಕಿನ ನೋಟ ತಪ್ಪಿಸಿದೆವು. ಮೂರನೆಯ ದಿನಕ್ಕೆ ಸಿಪ್ಪೆ ಹಾರಿತು, ಚಿಲಿಪಿಲಿಯೂ ಮರಳಿತು.

ಕೊನೆಗೆ ಬೆಕ್ಕಿನ ಪಾಲು. ಬರೀ ಹಾಲು-ರೊಟ್ಟಿಯಲ್ಲಿ ಬೆಕ್ಕಿನ ಹೊಟ್ಟೆ ತುಂಬಬಹುದು, ಮೈ ತುಂಬದು. ಅದಕ್ಕೆ ಮಾಂಸದ ಸತ್ವ ಬೇಕೇ ಬೇಕು. ಅದೇ ಅಧ್ಯಯನದಲ್ಲಿ ಮಾಂಸ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತಂದ ಬೇಟೆ 36 ಶೇಕಡಾ, ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದಾಗ 25 ಶೇಕಡಾ ತಗ್ಗಿತು. ಬೆಕ್ಕಿಗೆ ಬೇಟೆಯ ಹುಮ್ಮಸ್ಸು ಮುಂಜಾನೆ, ಮುಸ್ಸಂಜೆ ಜಾಸ್ತಿ. ಹೀಗಾಗಿ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ಕೋಲಿಗೆ ಚಿಂದಿ ಕಟ್ಟಿ ಬೆಕ್ಕನ್ನು ಕುಣಿಸುತ್ತಾಳೆ, ಆಮೇಲೆ ಅದಕ್ಕೆ ಊಟ. ಅದರಿಂದ ಬೆಕ್ಕಿನ ಸ್ವಭಾವ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಜೋಳದ ಚೀಲದ ಹತ್ತಿರ ಅದು ಈಗಲೂ ಹುಲಿಯೇ. ಅದಕ್ಕೇ ಜಾಳಿಗೆಯ ಬಾಗಿಲ ಚಿಲಕವನ್ನು ರಾತ್ರಿ ಮಲಗುವ ಮುಂಚೆ ನಾನೊಮ್ಮೆ ಎಳೆದು ನೋಡುತ್ತೇನೆ, ಆಕೆಯೊಮ್ಮೆ ಎಳೆದು ನೋಡುತ್ತಾಳೆ.