ಬೆಳಗಿನ ರೆಪ್ಪೆ, ಸಂಜೆಯ ಪಾದ

ಬೆಳಿಗ್ಗೆ ಕಣ್ಣು ಊದಿಕೊಂಡಿದ್ದರೆ ನಮ್ಮ ಮನೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ನಿದ್ದೆ ಹೆಚ್ಚಾಯಿತು, ಇಲ್ಲವೇ ಕಡಿಮೆಯಾಯಿತು. ರಾತ್ರಿ ಉಪ್ಪಿನಕಾಯಿ ತಿಂದದ್ದು ಅತಿಯಾಯಿತು. ಯಾರಿಗೂ ಕಾಣದಂತೆ ಅತ್ತಿರಬೇಕು. ಸಂಜೆ ಪಾದದ ಗಂಟು ತುಂಬಿಕೊಂಡಿದ್ದರೆ ಅದಕ್ಕೆ ಬೇರೆಯೇ ಪಟ್ಟಿ: ಬಸ್ಸಿನಲ್ಲಿ ಕೂತೇ ಬಂದದ್ದು, ಮದುವೆಮನೆಯಲ್ಲಿ ನಿಂತೇ ಇದ್ದದ್ದು, ಕೊನೆಗೆ ‘ವಯಸ್ಸಾಯಿತಲ್ಲ’. ಈ ಕಾರಣಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬಹುಪಾಲು ಅವು ಸರಿಯಾಗಿಯೇ ಇರುತ್ತವೆ. ತೊಡಕು ಬರುವುದು ಒಬ್ಬರದೇ ಮೈಯಲ್ಲಿ, ಒಂದೇ ವಾರದಲ್ಲಿ, ರೆಪ್ಪೆಯೂ ಪಾದವೂ ಬಾತುಕೊಂಡಾಗ. ಆಗಲೂ ನಾವು ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಕಾರಣ ಹೇಳಿಕೊಂಡು ಎರಡನ್ನೂ ಬೇರೆ ಬೇರೆಯಾಗಿಯೇ ಇಡುತ್ತೇವೆ. ಇವೆರಡೂ ಸಾಮಾನ್ಯವಾಗಿ ಒಂದೇ ನೀರು, ಹೊತ್ತಿಗೆ ತಕ್ಕಂತೆ ಜಾಗ ಬದಲಿಸಿದ ನೀರು ಎಂಬುದು ನನ್ನ ವಾದ. ಊತ ಎಷ್ಟಿದೆ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಎಲ್ಲಿದೆ, ಆ ಮನುಷ್ಯ ರಾತ್ರಿ ಹೇಗೆ ಮಲಗುತ್ತಾನೆ ಎನ್ನುವುದು ಹೆಚ್ಚು ಹೇಳುತ್ತದೆ.

ನೀರು ಜಾಗ ಬದಲಿಸುವ ಬಗೆಯನ್ನು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ಶರೀರಶಾಸ್ತ್ರಜ್ಞ 1896ರಲ್ಲಿ ವಿವರಿಸಿದ. ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಒಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ಒಳಕ್ಕೆ ಹಿಡಿದಿಡುತ್ತದೆ. ತಳ್ಳುವುದು ಹೆಚ್ಚಾದರೂ ಊತ, ಹಿಡಿತ ಸಡಿಲವಾದರೂ ಊತ. ಹೀಗೆ ಹೊರಬಂದ ನೀರು ಹಗಲೆಲ್ಲ ಭೂಮಿಯ ಸೆಳೆತಕ್ಕೆ ಪಾದಗಳತ್ತ ಇಳಿಯುತ್ತದೆ. ರಾತ್ರಿ ಮಟ್ಟಸವಾಗಿ ಮಲಗಿದಾಗ ಆ ಸೆಳೆತ ಕಾಲಿನ ಕಡೆಗಿರುವುದಿಲ್ಲ. ನೀರು ಮೈತುಂಬ ಹಂಚಿಕೊಂಡು, ಎಲ್ಲಿ ತಡೆ ಕಡಿಮೆಯೋ ಅಲ್ಲಿ ಕಾಣಿಸಿಕೊಳ್ಳುತ್ತದೆ. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೀರ ತೆಳುವಾದದ್ದು, ಅದರಡಿಯ ಅಂಗಾಂಶವೂ ಸಡಿಲ. ಹಾಗಾಗಿ ಒಂದಿಷ್ಟೇ ನೀರು ಬಂದರೂ ಅಲ್ಲಿ ಎದ್ದು ಕಾಣುತ್ತದೆ. ಪಾದದ ಮಾತು ಬೇರೆ. ದೊಡ್ಡವರಲ್ಲಿ ಬೆರಳೊತ್ತಿದರೆ ಗುಳಿ ಬೀಳುವ ಮಟ್ಟಕ್ಕೆ ಊದುವ ಹೊತ್ತಿಗೆ ಮೈಯಲ್ಲಿ ಎರಡು ಮೂರು ಲೀಟರ್ ಹೆಚ್ಚುವರಿ ನೀರು ಸೇರಿರುತ್ತದೆ. ಅಂದರೆ ಅಷ್ಟೇ ಕಿಲೋ ತೂಕ. ಕನ್ನಡಿಗಿಂತ ತೂಕದ ಯಂತ್ರ ಮೊದಲು ಮಾತಾಡುತ್ತದೆ. ವಾರದಲ್ಲಿ ಮೂರು ಕಿಲೋ ಏರಿದ್ದರೆ ಅದು ಹೋಳಿಗೆಯ ಕೊಬ್ಬಲ್ಲ.

ಹಾಗಿದ್ದರೆ ಹೃದಯದ ಕಾಯಿಲೆಯಲ್ಲೂ ಬೆಳಿಗ್ಗೆ ಮುಖ ಊದಬೇಕಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವಿರುವುದು ದಿಂಬಿನಲ್ಲಿ. ಹೃದಯ ಸೋತಾಗ ನೀರು ಕಾಲಿನಲ್ಲಷ್ಟೇ ಅಲ್ಲ, ಶ್ವಾಸಕೋಶದಲ್ಲೂ ನಿಲ್ಲುತ್ತದೆ. ಮಟ್ಟಸವಾಗಿ ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ದಿಂಬು ಎರಡಾಗುತ್ತದೆ, ಎರಡು ಮೂರಾಗುತ್ತವೆ, ಕೊನೆಗೆ ಆರಾಮಕುರ್ಚಿಯಲ್ಲೇ ರಾತ್ರಿ ಕಳೆಯುವುದೂ ಉಂಟು. ತಲೆ ಮೇಲಿರುವುದರಿಂದ ಮುಖಕ್ಕೆ ನೀರು ಬರುವುದೇ ಇಲ್ಲ, ಕಾಲುಗಳಲ್ಲೇ ಉಳಿಯುತ್ತದೆ. ಕಿಡ್ನಿಯ ಊತ ಇರುವವರು ಮೊದಮೊದಲು ಒಂದೇ ದಿಂಬಿನ ಮೇಲೆ ನಿಶ್ಚಿಂತೆಯಿಂದ ಮಲಗುತ್ತಾರೆ. ಅದಕ್ಕೇ ಬೆಳಗಿನ ರೆಪ್ಪೆ ಅವರ ಗುರುತಾಗಿದೆ. ಕಾಲೂದಿದವರನ್ನು ‘ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ’ ಎಂದು ಹಳೆಯ ಡಾಕ್ಟರು ಕೇಳುತ್ತಿದ್ದುದು ಸುಮ್ಮನೆ ಮಾತಿಗಲ್ಲ. ಈ ಗುರುತಿಗೂ ಎಲ್ಲೆಯಿದೆ. ಹೊತ್ತೆಲ್ಲ ಮಲಗಿಯೇ ಇರುವ ಎಳೆಗೂಸಿನಲ್ಲಿ ಹೃದಯದ ತೊಂದರೆಗೂ ರೆಪ್ಪೆ ಊದುತ್ತದೆ. ಹಾಸಿಗೆ ಹಿಡಿದವರಲ್ಲಿ ನೀರು ಸೊಂಟದ ಹಿಂಭಾಗದಲ್ಲಿ ಅಡಗಿರುತ್ತದೆ, ಪಾದ ನೋಡಿದರೆ ಏನೂ ಇಲ್ಲ.

ಈ ಭೇದ ತಿಳಿಯಲು ಪಶ್ಚಿಮದ ವೈದ್ಯಕ್ಕೆ ಬಹುಕಾಲ ಹಿಡಿಯಿತು. ಮೈಗೆ ನೀರು ತುಂಬಿದ್ದಕ್ಕೆಲ್ಲ ಅಲ್ಲಿ ‘ಡ್ರಾಪ್ಸಿ’ ಎಂಬ ಒಂದೇ ಹೆಸರು. ರೋಗವೂ ಅದೇ, ರೋಗಪತ್ತೆಯೂ ಅದೇ. ಬರ್ಮಿಂಗ್‌ಹ್ಯಾಮಿನ ವಿಲಿಯಂ ವಿದರಿಂಗ್ ಶ್ರಾಪ್‌ಶೈರಿನ ಒಬ್ಬ ಮುದುಕಿಯ ಮನೆಮದ್ದಿನ ಜಾಡು ಹಿಡಿದು, ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಆ ಕಲಬೆರಕೆಯಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ಗುರುತಿಸಿ, 1785ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಕೆಲವರಲ್ಲಿ ಮೂತ್ರ ಧಾರಾಳವಾಗಿ ಹೋಗಿ ಊತ ಇಳಿಯಿತು, ಕೆಲವರಲ್ಲಿ ಏನೂ ಆಗಲಿಲ್ಲ. ಅದು ಮೂತ್ರ ಇಳಿಸುವ ಮದ್ದು ಎಂದೇ ಬಹುಕಾಲ ನಡೆಯಿತು. ನಿಜದಲ್ಲಿ ಅದು ಹೃದಯದ ಮದ್ದು, ಹೃದಯದಿಂದ ಊದಿದವರಿಗೆ ಮಾತ್ರ ಹಿಡಿಯುವಂಥದ್ದು. ಡ್ರಾಪ್ಸಿ ಎಂಬ ಆ ಗುಂಪನ್ನು ಒಡೆದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಊದಿದ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರೆ ಕೆಲವರದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಅಂಥವರು ಸತ್ತ ಮೇಲೆ ಕೊಯ್ದು ನೋಡಿದರೆ ಕಿಡ್ನಿ ಕೆಟ್ಟಿರುತ್ತಿತ್ತು. ಕಾಯಿಸುವುದು ಬ್ರೈಟನ ಶೋಧವಲ್ಲ. ಇಟಲಿಯ ಕೊಟುನ್ಯೊ ಹದಿನೆಂಟನೆಯ ಶತಮಾನದಲ್ಲೇ ಅದನ್ನು ಮಾಡಿ ನೋಡಿದ್ದ. ಊದಿದ ಮೈ, ಗಟ್ಟಿಯಾಗುವ ಮೂತ್ರ, ಕೆಟ್ಟ ಕಿಡ್ನಿ, ಈ ಮೂರನ್ನೂ ಸೇರಿಸಿ 1827ರಲ್ಲಿ ಬರೆದದ್ದು ಬ್ರೈಟನ ಹೆಗ್ಗಳಿಕೆ. ಅದೇ ಪರೀಕ್ಷೆ ನಮ್ಮ ಲ್ಯಾಬುಗಳಿಗೂ ಬಂತು: ಗಾಜಿನ ನಳಿಕೆಯ ಮುಕ್ಕಾಲು ಭಾಗ ಮೂತ್ರ ತುಂಬಿ, ಮೇಲ್ಭಾಗವನ್ನಷ್ಟೇ ಕಾಯಿಸಿ, ತಿಳಿಯಾಗಿರುವ ಕೆಳಭಾಗದೊಂದಿಗೆ ಹೋಲಿಸುವುದು. ಮೇಲೆ ಮೋಡಗಟ್ಟಿದರೆ ಅಸಿಟಿಕ್ ಆಮ್ಲದ ಕೆಲವು ಹನಿ. ಮೋಡ ಕರಗಿದರೆ ಅದು ಬರೀ ಫಾಸ್ಫೇಟು, ಕರಗದೆ ನಿಂತರೆ ಆಲ್ಬುಮಿನ್. ಈಗ ಬಣ್ಣ ಬದಲಿಸುವ ಕಾಗದದ ಪಟ್ಟಿ ಬಂದಿದೆ, ನಿಮಿಷದ ಕೆಲಸ.

ಇಷ್ಟು ಅಗ್ಗದ ಪರೀಕ್ಷೆ ಇರುವಾಗಲೂ ಜನ ದಾರಿ ತಪ್ಪುವುದು ಅಲರ್ಜಿ ಎಂಬ ತಿರುವಿನಲ್ಲಿ. ಐದು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ, ಇಂಥವರು ಮಕ್ಕಳ ಡಾಕ್ಟರುಗಳಿಗೆಲ್ಲ ಪರಿಚಿತರೇ. ನೆಗಡಿಯಾದ ಕೆಲವು ದಿನಕ್ಕೆ ಬೆಳಿಗ್ಗೆ ಎರಡೂ ಕಣ್ಣು ಊದುತ್ತವೆ. ಧೂಳಿನ ಅಲರ್ಜಿ ಎಂದು ಸಿಟ್ರಿಜಿನ್ ಕೊಡಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮುಖ ಇಳಿಯುತ್ತದೆ. ಔಷಧ ಕೆಲಸ ಮಾಡಿತು ಎಂದು ಎಲ್ಲರಿಗೂ ಸಮಾಧಾನ. ಇಳಿಸಿದ್ದು ಔಷಧವಲ್ಲ, ಹುಡುಗ ಎದ್ದು ಓಡಾಡಿದ್ದು. ನೀರು ಕಾಲಿಗೆ ಹೋಗಿದೆ, ಶಾಲೆಯಿಂದ ಬಂದು ಕಾಲುಚೀಲ ಬಿಚ್ಚಿದಾಗ ಅದರ ಪಟ್ಟಿಯ ಗುರುತು ಆಳವಾಗಿ ಕೂತಿರುತ್ತದೆ. ಹತ್ತು ದಿನದಲ್ಲಿ 16 ಕಿಲೋ ಇದ್ದವನು 18 ಆಗುತ್ತಾನೆ, ಚಡ್ಡಿಯ ಗುಂಡಿ ಹಾಕಲಾಗುವುದಿಲ್ಲ, ಮೂತ್ರ ಕಡಿಮೆಯಾಗಿ ನೊರೆನೊರೆಯಾಗಿರುತ್ತದೆ. ಆ ಹೊತ್ತಿಗೆ ಯಾರಾದರೂ ಅಲರ್ಜಿ ಜೋರಾಗಿದೆಯೆಂದು ನಾಲ್ಕು ದಿನದ ಸ್ಟಿರಾಯ್ಡ್ ಕೊಟ್ಟರಂತೂ ಕಥೆ ಇನ್ನೂ ಗೋಜಲಾಗುತ್ತದೆ. ಏಕೆಂದರೆ ಮಕ್ಕಳ ಈ ಕಿಡ್ನಿ ಕಾಯಿಲೆಗೂ, ಅಂದರೆ ನೆಫ್ರಾಟಿಕ್ ಸಿಂಡ್ರೋಮಿಗೂ, ಸ್ಟಿರಾಯ್ಡೇ ಮದ್ದು. ಅರ್ಧಂಬರ್ಧ ಗುಣವಾಗಿ, ತಪ್ಪು ಊಹೆಗೆ ಸಾಕ್ಷಿ ಸಿಕ್ಕಂತಾಗಿ, ಕೆಲವು ವಾರದಲ್ಲಿ ಊತ ಮರಳುತ್ತದೆ. ಮೊದಲ ದಿನವೇ ಮೂತ್ರದಲ್ಲಿ ಪಟ್ಟಿ ಅದ್ದಿದ್ದರೆ ಅದು ಮೂರೋ ನಾಲ್ಕೋ ಪ್ಲಸ್ ತೋರಿಸುತ್ತಿತ್ತು. ನಿಜವಾದ ಅಲರ್ಜಿಯ ನಡೆಯೇ ಬೇರೆ. ಅದು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಏರುತ್ತದೆ. ಒಂದು ಕಣ್ಣು, ಒಂದು ತುಟಿ ಎಂದು ಸೊಟ್ಟಗೆ ಊದುತ್ತದೆ. ತುರಿಕೆ ಇರುತ್ತದೆ, ಮೈಮೇಲೆ ಪಿತ್ತದ ಗಂಧೆ ಎದ್ದಿರುತ್ತದೆ. ಒತ್ತಿದರೆ ಗುಳಿ ಬೀಳುವುದಿಲ್ಲ. ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಮುಖ್ಯವಾಗಿ, ಅದು ಹಗಲು ರಾತ್ರಿಗೆ ತಕ್ಕಂತೆ ರೆಪ್ಪೆಯಿಂದ ಪಾದಕ್ಕೆ ಇಳಿಯುವುದಿಲ್ಲ.

‘ರಕ್ತಪರೀಕ್ಷೆ ಮಾಡಿಸಿದ್ದೇವೆ, ಕ್ರಿಯಾಟಿನಿನ್ ಸರಿಯಾಗಿದೆ, ಕಿಡ್ನಿ ಚೆನ್ನಾಗಿದೆ’ ಎನ್ನುವುದು ನಾನು ಅತಿ ಹೆಚ್ಚು ಕೇಳುವ ಆಕ್ಷೇಪ. ಕ್ರಿಯಾಟಿನಿನ್ ಹೇಳುವುದು ಕಿಡ್ನಿ ಕಸವನ್ನು ಎಷ್ಟು ಹೊರಹಾಕುತ್ತಿದೆ ಎಂಬುದನ್ನು. ಬೇಕಾದದ್ದನ್ನೂ ಹೊರಗೆ ಚೆಲ್ಲುತ್ತಿದೆಯೇ ಎಂಬುದನ್ನಲ್ಲ. ಆ ಹುಡುಗನ ಕ್ರಿಯಾಟಿನಿನ್ ಎಂದಿನಂತೆಯೇ ಇದ್ದು, ರಕ್ತದ ಆಲ್ಬುಮಿನ್ ಮಾತ್ರ 3.5ರ ಮೇಲಿರಬೇಕಾದದ್ದು 2ಕ್ಕೂ ಕೆಳಗಿಳಿದಿರಬಹುದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಎಪ್ಪತ್ತರ ಹರೆಯದಲ್ಲಿ, ಸಕ್ಕರೆ ಕಾಯಿಲೆಯೂ ಬಿಪಿಯೂ ಇದ್ದವರಲ್ಲಿ, ಕಿಡ್ನಿ ಹೃದಯ ಎರಡೂ ಸೋತಿರುತ್ತವೆ; ಅಲ್ಲಿ ದಿಂಬಿನ ಲೆಕ್ಕವೂ ರೆಪ್ಪೆಯ ಲೆಕ್ಕವೂ ಕಲಸಿಹೋಗುತ್ತವೆ. ಒಪ್ಪುತ್ತೇನೆ. ಹೃದಯ ಸೋತಾಗಲೂ ಮೂತ್ರದಲ್ಲಿ ಸ್ವಲ್ಪ ಆಲ್ಬುಮಿನ್ ಕಾಣುವುದುಂಟು. ಜ್ವರದಲ್ಲೂ ಉಂಟು. ಬಿಪಿಗೆ ಕೊಡುವ ಆಮ್ಲೊಡಿಪಿನ್ ಮಾತ್ರೆಯೊಂದೇ ಎರಡೂ ಪಾದ ಊದಿಸಬಲ್ಲದು. ಥೈರಾಯ್ಡ್ ಕುಂದಿದರೆ ರೆಪ್ಪೆಯೂ ಕಾಲೂ ದಪ್ಪಗಾಗುತ್ತವೆ, ಅಲ್ಲಿ ಸಾಮಾನ್ಯವಾಗಿ ಗುಳಿ ಬೀಳುವುದಿಲ್ಲ. ರೆಪ್ಪೆ ರೋಗದ ಹೆಸರು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಮೊದಲು ಯಾವ ಬಾಗಿಲು ತಟ್ಟಬೇಕೆಂದು ಅದು ತೋರಿಸುತ್ತದೆ, ಅಷ್ಟೇ. ಮೂತ್ರದಲ್ಲಿ ಆಲ್ಬುಮಿನ್ ಇಲ್ಲವೇ ಇಲ್ಲ ಎಂದಾದರೆ ಕಿಡ್ನಿಯಿಂದ ಆಲ್ಬುಮಿನ್ ಸೋರುತ್ತಿದೆ ಎಂಬ ಅನುಮಾನ ಬಿಟ್ಟು ಹೃದಯ, ಯಕೃತ್ತು, ಥೈರಾಯ್ಡ್‌ಗಳ ಕಡೆ ತಿರುಗಬಹುದು.

ಕಾಯಬಾರದ ಸಂದರ್ಭಗಳನ್ನೂ ಹೇಳಬೇಕು. ನಾಲಿಗೆ ಊದಿದರೆ, ದನಿ ಬದಲಾದರೆ, ಉಸಿರಿಗೆ ಕಷ್ಟವಾದರೆ ಪರೀಕ್ಷೆಯ ಮಾತೇ ಇಲ್ಲ, ನೇರ ಆಸ್ಪತ್ರೆ. ಎನಲಾಪ್ರಿಲ್‌ನಂಥ ಬಿಪಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲೂ ಇದು ಒಂದು ದಿನ ದಿಢೀರನೆ ಬರಬಹುದು, ತುರಿಕೆಯೇ ಇಲ್ಲದೆ. ಬಸುರಿಯಲ್ಲಿ ಐದು ತಿಂಗಳಾದ ಮೇಲೆ ಮುಖ ಊದಿ, ತಲೆನೋವು ಬಂದು, ಬಿಪಿ 140/90 ಮುಟ್ಟಿದರೆ ಅಂದೇ ತೋರಿಸಬೇಕು. ಪ್ರತಿ ತಪಾಸಣೆಯಲ್ಲಿ ಮೂತ್ರದ ಆಲ್ಬುಮಿನ್ ನೋಡುವುದು ಇದಕ್ಕಾಗಿಯೇ. ಗಂಟಲು ನೋವಾದ ಒಂದೆರಡು ವಾರಕ್ಕೆ, ಚರ್ಮದ ಕಜ್ಜಿಯಾದರೆ ಇನ್ನೂ ತಡವಾಗಿ, ಮಗುವಿನ ಮುಖ ಊದಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೂ ಹಾಗೆಯೇ. ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೀರಿಳಿಸುವ ಮಾತ್ರೆಯ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಆಲ್ಬುಮಿನ್ ಕಳೆದುಕೊಂಡ ಮೈಯಲ್ಲಿ ನೀರು ನಾಳದ ಹೊರಗಿದೆ, ಒಳಗಿನ ರಕ್ತ ಮೊದಲೇ ಕಡಿಮೆ ಇರಬಹುದು. ಆಗ ಬಲವಂತವಾಗಿ ಮೂತ್ರ ಸುರಿಸಿದರೆ ತಲೆ ಸುತ್ತಿ ಬೀಳುವುದು, ಕಿಡ್ನಿಗೆ ರಕ್ತ ಸಾಲದಾಗುವುದು, ರಕ್ತ ಗಟ್ಟಿಯಾಗಿ ನಾಳ ಕಟ್ಟಿಕೊಳ್ಳುವುದು ಎಲ್ಲವೂ ಸಾಧ್ಯ. ಊತ ಇಳಿಯಿತು ಎಂಬ ನೆಮ್ಮದಿಯಲ್ಲಿ ಅಸಲು ಕಾಯಿಲೆ ಹುಡುಕುವುದೂ ನಿಲ್ಲುತ್ತದೆ.

ಆ ಹುಡುಗನಂಥ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಸರಿಯಾದ ಪ್ರಮಾಣದ ಪ್ರೆಡ್ನಿಸೊಲೋನ್‌ಗೆ ನಾಲ್ಕು ವಾರದೊಳಗೆ ಸ್ಪಂದಿಸುತ್ತಾರೆ, ಮೂತ್ರ ತಿಳಿಯಾಗುತ್ತದೆ. ಆದರೆ ಬಹಳ ಮಕ್ಕಳಲ್ಲಿ ಕಾಯಿಲೆ ಮರುಕಳಿಸುತ್ತದೆ, ಎಷ್ಟೋ ಸಲ ಒಂದು ನೆಗಡಿಯ ಬೆನ್ನಿಗೆ. ಅದಕ್ಕೇ ಡಾಕ್ಟರು ತಾಯಿಯ ಕೈಗೆ ಪಟ್ಟಿಯ ಡಬ್ಬಿಯನ್ನೋ, ಹನಿ ಹಾಕಿದರೆ ಮೋಡಗಟ್ಟುವ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಸೀಸೆಯನ್ನೋ ಕೊಟ್ಟು, ಬೆಳಗಿನ ಮೊದಲ ಮೂತ್ರ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳುತ್ತಾರೆ. ಒಂದು ದಿನ ಮೂರು ಪ್ಲಸ್ ಬಂದರೆ ಗಾಬರಿ ಬೇಡ, ಜ್ವರಕ್ಕೂ ಏರಬಹುದು. ಸಾಲಾಗಿ ಮೂರು ದಿನ ಬಂದರೆ ಮರುಕಳಿಸಿತೆಂದೇ ಲೆಕ್ಕ, ಫೋನು ಮಾಡಬೇಕು. ಆ ಹೊತ್ತಿಗೆ ರೆಪ್ಪೆ ಇನ್ನೂ ಊದಿರಬೇಕೆಂದಿಲ್ಲ.